ಡಬ್ಬಿಯೊಳಗೆ ಡಬ್ಬಿ: ರಿಕರ್ಷನ್ ಪಾಠದಲ್ಲಿ ಖಾಲಿ ಡಬ್ಬಿ ಸಿಕ್ಕಿದ ಮೇಲೆ ಏನು ಹೇಳಬೇಕು?

ಪ್ರಶ್ನೆ (ಬಿ.ಸಿ.ಎ. ಉಪನ್ಯಾಸಕಿ): ಮೊದಲ ವರ್ಷದವರಿಗೆ ಪೈಥಾನ್ ಕಲಿಸುತ್ತೇನೆ. ರಿಕರ್ಷನ್ ಪಾಠಕ್ಕೆ ಅಡುಗೆಮನೆಯ ಸ್ಟೀಲ್ ಡಬ್ಬಿಗಳ ಸೆಟ್ಟನ್ನು ಬಾಯಿಮಾತಿನಲ್ಲಿ ವರ್ಣಿಸುತ್ತೇನೆ: "ದೊಡ್ಡದನ್ನು ತೆರೆಯಿರಿ, ಒಳಗೆ ಇನ್ನೊಂದಿದೆ, ಅದನ್ನೂ ತೆರೆಯಿರಿ, ಖಾಲಿ ಡಬ್ಬಿ ಸಿಕ್ಕಾಗ ನಿಲ್ಲಿಸಿ." ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಲ್ಯಾಬಿನಲ್ಲಿ ಕೆಳಗಿನ ಕೋಡ್ ತೋರಿಸಿದರೆ, "ಕೊನೆಯ ಡಬ್ಬಿ 1 ಎಂದು ಕೊಟ್ಟ ಮೇಲೆ ಉತ್ತರ 3 ಹೇಗಾಯಿತು?" ಎಂದು ಕೇಳುತ್ತಾರೆ. ಉದಾಹರಣೆಯೇ ತಪ್ಪೇ, ನಾನು ಹೇಳುವ ರೀತಿ ತಪ್ಪೇ?

```python
def count(box):
    if box == []:
        return 1
    return 1 + count(box[0])

print(count([[[]]]))   # 3
```

ಉತ್ತರ (ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್): ಮೇಡಂ, ಇಷ್ಟು ಒದ್ದಾಡಬೇಕಾಗಿಯೇ ಇಲ್ಲ. ಡಬ್ಬಿಯೊಳಗೆ ಒಂದೇ ಡಬ್ಬಿ ಇರುವುದಾದರೆ `while` ಲೂಪ್ ಸಾಕು. ರಿಕರ್ಷನ್ ಅಂದರೆ ಸುತ್ತಿಬಳಸಿ ಬರೆದ ಲೂಪ್, ಜೊತೆಗೆ ಮೆಮೊರಿಯೂ ದಂಡ. ಪೈಥಾನಿನಲ್ಲಿ ಆಳದ ಮಿತಿ ಸಾಮಾನ್ಯವಾಗಿ 1000. ಅದನ್ನು ಮುಟ್ಟಿದರೆ `RecursionError` ಬಂದು ಪ್ರೋಗ್ರಾಂ ನಿಲ್ಲುತ್ತದೆ. ನಮ್ಮ ಕಚೇರಿಯಲ್ಲಿ ಹೊಸಬರು ಇದನ್ನು ಬರೆದು ತಂದರೆ ನಾನು ಲೂಪಿಗೆ ಬದಲಾಯಿಸಿ ಎನ್ನುತ್ತೇನೆ.

ಉತ್ತರ (ಬಹುಕಾಲ ಪ್ರೋಗ್ರಾಮಿಂಗ್ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕ): ಎಂಜಿನಿಯರ್ ಹೇಳಿದ ಮಿತಿ ನಿಜ. ಈ ಒಂದು ಲೆಕ್ಕಕ್ಕೆ ಲೂಪ್ ಸಾಕು ಎಂಬುದೂ ನಿಜ. ಮೇಡಂ ಅವರ ತೊಡಕು ಇರುವುದೂ ಅಲ್ಲಿಯೇ. ಒಬ್ಬನೇ ಕುಳಿತು ಒಂದಾದ ಮೇಲೊಂದು ಮುಚ್ಚಳ ತೆಗೆಯುತ್ತಾ ಹೋಗಿ ಖಾಲಿ ಡಬ್ಬಿ ಕಂಡಾಗ ಎದ್ದುಬಿಟ್ಟರೆ ಅದು ಲೂಪಿನ ವರ್ಣನೆ. ನೀವು ಬಾಯಲ್ಲಿ ಲೂಪ್ ಹೇಳಿ ಬೋರ್ಡಿನ ಮೇಲೆ ರಿಕರ್ಷನ್ ಬರೆದಿದ್ದೀರಿ. ಹುಡುಗರು ಕೇಳಿದ ಪ್ರಶ್ನೆ ನೀವು ಹೇಳಿದ ಕತೆಗೆ ಸರಿಯಾಗಿಯೇ ಇದೆ, ಏಕೆಂದರೆ ಆ ಕತೆಯಲ್ಲಿ ಖಾಲಿ ಡಬ್ಬಿಯ ನಂತರ ಏನೂ ನಡೆಯುವುದಿಲ್ಲ.

ಡಬ್ಬಿಗಳನ್ನು ಬಿಡಬೇಡಿ, ಜನರನ್ನು ಸೇರಿಸಿ. ತರಗತಿಯಲ್ಲಿ ನಾನು ಹೇಳುತ್ತಿದ್ದುದು ಹೆಚ್ಚುಕಡಿಮೆ ಹೀಗೆ: "ಮೊದಲ ಬೆಂಚಿನವರೇ, ಈ ಡಬ್ಬಿಯಲ್ಲಿ ಅದೂ ಸೇರಿ ಒಟ್ಟು ಎಷ್ಟು ಡಬ್ಬಿಗಳಿವೆ ಎಂದು ನನಗೆ ಹೇಳಬೇಕು. ಆದರೆ ನೀವು ತೆಗೆಯಬಹುದಾದದ್ದು ಒಂದೇ ಮುಚ್ಚಳ. ಒಳಗೆ ಏನೂ ಇಲ್ಲದಿದ್ದರೆ 'ಒಂದು' ಎನ್ನಿ. ಏನಾದರೂ ಇದ್ದರೆ ಅದನ್ನು ತೆರೆಯದೆ ಹಿಂದಿನ ಬೆಂಚಿಗೆ ಕೊಟ್ಟು ಇದೇ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ನಿಮ್ಮ ಖಾಲಿಯಾದ ಡಬ್ಬಿಯನ್ನು ಕೈಯಲ್ಲೇ ಹಿಡಿದು ಕಾಯಿರಿ. ಅವರು ಹೇಳಿದ ಸಂಖ್ಯೆಗೆ ಒಂದನ್ನು ಕೂಡಿಸಿ, ನಿಮಗೆ ಡಬ್ಬಿ ಕೊಟ್ಟವರಿಗೆ ಮಾತ್ರ ಹೇಳಿ."

ಎಲ್ಲ ಬೆಂಚಿಗೂ ಇದೇ ಸೂಚನೆ, ಒಂದಕ್ಷರ ಬದಲಾಗಬಾರದು. ಮೂರು ಡಬ್ಬಿಗಳಾದರೆ ಮೂರನೆಯ ಬೆಂಚಿನವನು ಮುಚ್ಚಳ ತೆಗೆದು ಖಾಲಿ ನೋಡಿ "ಒಂದು" ಎನ್ನುತ್ತಾನೆ. ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಎರಡನೆಯವಳಿಗೆ ಈಗ ಕೆಲಸ ಬಂತು, ಅವಳು "ಎರಡು" ಎನ್ನುತ್ತಾಳೆ. ಮೊದಲನೆಯವನು ನನ್ನತ್ತ ತಿರುಗಿ "ಮೂರು" ಎನ್ನುತ್ತಾನೆ. ಮೂರನೆಯವನ ಒಂದು ಮೊದಲನೆಯವನ ಕಿವಿಗೆ ಬೀಳಲೇ ಇಲ್ಲ, ಅವನಿಗೆ ಗೊತ್ತಾದದ್ದು ಎರಡನೆಯವಳು ಹೇಳಿದ ಎರಡು ಮಾತ್ರ. ಕೋಡಿನಲ್ಲಿ `1 + count(box[0])` ಎಂಬಲ್ಲಿ ಆ ಕೂಡಿಸುವ ಗುರುತು ಎದುರು ನೋಡುತ್ತಾ ನಿಂತಿರುತ್ತದೆ. ಎಡಗಡೆಯ 1 ಕೈಯಲ್ಲಿದೆ, ಬಲಗಡೆಯದು ಇನ್ನೂ ಬಂದಿಲ್ಲ. ಪಾಠದ ಅರ್ಧ ಸಮಯವನ್ನು ಈ ಕಾಯುವಿಕೆಗೇ ಕೊಡಿ. ಎರಡನೆಯ ಬೆಂಚಿನಲ್ಲಿ ನಿಲ್ಲಿಸಿ, "ಈಗ ಯಾರು ಯಾರು ಕಾಯುತ್ತಿದ್ದಾರೆ?" ಎಂದು ಕೇಳಿ.

ಪ್ರೌಢಶಾಲಾ ಗಣಿತ ಶಿಕ್ಷಕ: ಸರ್, ಇದನ್ನು ಇನ್ನೂ ಸುಲಭ ಮಾಡಬಹುದಲ್ಲ? ಡಬ್ಬಿ ಕೊಡುವಾಗಲೇ "ಇಲ್ಲಿಯವರೆಗೆ ಒಂದು", "ಇಲ್ಲಿಯವರೆಗೆ ಎರಡು" ಎಂದು ಹೇಳುತ್ತಾ ಹೋದರೆ ಕೊನೆಯವನೇ ನೇರವಾಗಿ "ಮೂರು" ಎನ್ನಬಹುದು. ಯಾರೂ ಕೂಡಿಸುತ್ತಾ ಕೂರಬೇಕಾಗಿಲ್ಲ.

ಪ್ರಾಧ್ಯಾಪಕ: ಹೇಳಬಹುದು, ಅದೂ ರಿಕರ್ಷನ್ನೇ. ಆದರೆ ಅದು ಬೇರೆ ಪ್ರೋಗ್ರಾಂ. ಡಬ್ಬಿಯ ಜೊತೆಗೆ ಒಂದು ಸಂಖ್ಯೆಯನ್ನೂ ದಾಟಿಸಬೇಕು, ಅಂದರೆ ಫಂಕ್ಷನ್‌ಗೆ ಇನ್ನೊಂದು ಪ್ಯಾರಾಮೀಟರ್ ಬೇಕು. ಕೊನೆಯವನು ಹೇಳಿದ ಮೂರನ್ನು ಉಳಿದವರು ಬದಲಾಯಿಸದೆ ಮುಂದಕ್ಕೆ ದಾಟಿಸಲೇಬೇಕು, ಅಲ್ಲೂ ಯಾರೂ ಮಧ್ಯದಲ್ಲಿ ಎದ್ದು ಹೋಗುವಂತಿಲ್ಲ. ಪೈಥಾನ್ ಅಲ್ಲೂ ಎಲ್ಲರನ್ನೂ ಕಾಯಿಸುತ್ತದೆ. ಮೊದಲ ದಿನ ಇದನ್ನು ಹೇಳಿದರೆ ಹಿಂದಿರುಗುವ ದಾರಿಯಲ್ಲಿ ಕೆಲಸವೇ ಇಲ್ಲ ಎಂಬ ಹಳೆಯ ಭ್ರಮೆ ಗಟ್ಟಿಯಾಗುತ್ತದೆ. ಎರಡನೆಯ ವಾರಕ್ಕಿರಲಿ.

ಡಿಪ್ಲೊಮಾ ವಿದ್ಯಾರ್ಥಿ: ರಿಕರ್ಷನ್ ನಂಬಲು ಆಗುವುದಿಲ್ಲ ಸರ್. ನಾನು ಸಿ ಭಾಷೆಯಲ್ಲಿ ಫ್ಯಾಕ್ಟೋರಿಯಲ್ ಬರೆದೆ. 12ರವರೆಗೆ ಸರಿ ಬಂತು, 13ಕ್ಕೆ 1932053504 ಎಂದು ಬಂತು. ಡಬ್ಬಿಗಳು ಹೆಚ್ಚಾದರೆ ಲೆಕ್ಕ ತಪ್ಪುತ್ತದೆಯೇ?

ಪ್ರಾಧ್ಯಾಪಕ: ನಿಮ್ಮ ರಿಕರ್ಷನ್ ಸರಿಯಾಗಿದೆ. 13ರ ಫ್ಯಾಕ್ಟೋರಿಯಲ್ 6227020800. ಅದು 32 ಬಿಟ್‌ಗಳ `int`ನಲ್ಲಿ ಹಿಡಿಯುವುದಿಲ್ಲ, ಉಕ್ಕಿ ಹೋದ ಭಾಗ ಕಳೆದು ಉಳಿದದ್ದು ನಿಮಗೆ ಕಂಡಿದೆ. ಇದನ್ನೇ `for` ಲೂಪಿನಲ್ಲಿ ಬರೆದು ನೋಡಿ, ಅದೇ ತಪ್ಪು ಸಂಖ್ಯೆ ಬರುತ್ತದೆ. `long long` ಬಳಸಿದರೆ 20ರವರೆಗೆ ಸರಿಯಾಗಿ ಹೋಗುತ್ತದೆ. ಮೇಡಂ ಕೇಳಿದ್ದು ಬೇರೆ ವಿಷಯ.

ಉಪನ್ಯಾಸಕಿ: ಬೆಂಚುಗಳ ವಿಷಯ ಹಿಡಿಸಿತು ಸರ್, ಧನ್ಯವಾದ. ಲ್ಯಾಬಿನಲ್ಲಿ ಇನ್ನೊಂದು ವಿಚಿತ್ರ ಕಾಣುತ್ತೇನೆ. ಹಲವರು ಕೊನೆಯ ಸಾಲಿನಲ್ಲಿ `return` ಬರೆಯುವುದಿಲ್ಲ, ಬರಿದೇ `1 + count(box[0])` ಎಂದು ಬಿಡುತ್ತಾರೆ. ಒಬ್ಬನಿಗೆ ಸರಿಯುತ್ತರ ಬರುತ್ತದೆ, ಇನ್ನೊಬ್ಬನಿಗೆ `None` ಬರುತ್ತದೆ, ಮತ್ತೊಬ್ಬಳಿಗೆ ದೋಷ ಬರುತ್ತದೆ. ಎಲ್ಲರ ಕೋಡೂ ಒಂದೇ!

ಪ್ರಾಧ್ಯಾಪಕ: ಕೋಡ್ ಒಂದೇ ಆದರೂ ಅವರು ಕೊಟ್ಟ ಡಬ್ಬಿಗಳು ಒಂದೇ ಆಗಿರಲಿಕ್ಕಿಲ್ಲ. ಬೆಂಚಿನ ಲೆಕ್ಕದಲ್ಲೇ ನೋಡಿ. `return` ಇಲ್ಲದಿರುವುದೆಂದರೆ, ಕೂಡಿಸಿಯೂ ಡಬ್ಬಿ ಕೊಟ್ಟವರಿಗೆ ಹೇಳದೆ ಸುಮ್ಮನಿರುವುದು.

ಒಂದೇ ಡಬ್ಬಿ ಇದ್ದರೆ, ಅಂದರೆ `count([])` ಎಂದರೆ, ಕೂಡಿಸುವ ಸಾಲಿಗೆ ಯಾರೂ ಹೋಗುವುದೇ ಇಲ್ಲ. ಮೊದಲ ಬೆಂಚಿನವನೇ ಖಾಲಿ ಕಂಡು "ಒಂದು" ಎನ್ನುತ್ತಾನೆ, ಉತ್ತರ ಸರಿ. ಎರಡು ಡಬ್ಬಿಗಳಿದ್ದರೆ ಎರಡನೆಯವಳು "ಒಂದು" ಎನ್ನುತ್ತಾಳೆ, ಮೊದಲನೆಯವನು ಮನಸ್ಸಿನಲ್ಲೇ ಎರಡು ಎಂದುಕೊಂಡು ಬಾಯಿ ಬಿಡುವುದಿಲ್ಲ. ನಿಮಗೆ ಸಿಗುವುದು `None`. ಮೂರು ಡಬ್ಬಿಗಳಿದ್ದರೆ ಸುಮ್ಮನಾಗುವವಳು ಮಧ್ಯದವಳು. ಮೊದಲನೆಯವನು ಒಂದಕ್ಕೆ ಏನನ್ನು ಕೂಡಿಸಬೇಕು? ಕೂಡಿಸಲು ಏನೂ ಇಲ್ಲದ್ದರಿಂದ `TypeError` ಬರುತ್ತದೆ, ಅದರಲ್ಲಿ `'int' and 'NoneType'` ಎಂದು ಬರೆದಿರುತ್ತದೆ. ಆದ್ದರಿಂದ ಒಂದು, ಎರಡು, ಮೂರು ಡಬ್ಬಿಗಳಿಗೆ ಬೇರೆ ಬೇರೆಯಾಗಿ ಓಡಿಸಿ ನೋಡಲು ಹೇಳಿ. ಒಂದಕ್ಕೆ ಮಾತ್ರ ಪರೀಕ್ಷಿಸಿ ಎದ್ದು ಹೋದವನಿಗೆ ತಪ್ಪು ಕಾಣುವುದೇ ಇಲ್ಲ.

ಹಿಂದಿರುಗುವ ದಾರಿ ಕಣ್ಣಿಗೆ ಕಾಣಬೇಕೆಂದರೆ ಇದನ್ನು ಓಡಿಸಿ. ಆದರೆ ಓಡಿಸುವ ಮೊದಲು, ಏನು ಮುದ್ರಣವಾಗುತ್ತದೆ ಎಂದು ಅವರೇ ನೋಟ್‌ಬುಕ್ಕಿನಲ್ಲಿ ಬರೆಯಲಿ:

```python
def open_box(box, n):
    print("open", n)
    if box != []:
        open_box(box[0], n + 1)
    print("close", n)

open_box([[[]]], 1)
```

ತೆರೆಯುವುದು 1, 2, 3 ಎಂದು ಬರುತ್ತದೆ, ಮುಚ್ಚುವುದು 3, 2, 1 ಎಂದು. ಲೂಪಿನ ಭ್ರಮೆಯಲ್ಲಿರುವವರು ಸಾಮಾನ್ಯವಾಗಿ `close 3` ಒಂದನ್ನೇ ಬರೆದು ನಿಲ್ಲಿಸುತ್ತಾರೆ. `n` ಒಂದೇ ಹೆಸರಾದರೂ ಪ್ರತಿ ಬೆಂಚಿಗೂ ಅದರದೇ `n` ಇದೆ ಎಂಬುದೂ ಇಲ್ಲಿ ತಿಳಿಯುತ್ತದೆ, ಇಲ್ಲದಿದ್ದರೆ ಹಿಂದಿರುಗುವಾಗ ಮೂರು ಬಾರಿಯೂ `close 3` ಬರಬೇಕಿತ್ತು. ಪೈಥಾನ್ ಟ್ಯೂಟರ್ ಜಾಲತಾಣದಲ್ಲಿ ಇದೇ ಕೋಡನ್ನು ಹಾಕಿದರೆ, ಕಾಯುತ್ತಿರುವ ಒಬ್ಬೊಬ್ಬರೂ ಒಂದೊಂದು ಚೌಕಟ್ಟಾಗಿ ಕಾಣುತ್ತಾರೆ.

ಎಂಜಿನಿಯರ್: ಒಪ್ಪಿದೆ. ಆದರೂ ಲೂಪಿನಲ್ಲಿ ಆಗುವ ಕೆಲಸಕ್ಕೆ ಇಷ್ಟೆಲ್ಲ ಏಕೆ ಎಂಬ ನನ್ನ ಪ್ರಶ್ನೆ ಹಾಗೆಯೇ ಇದೆ.

ಪ್ರಾಧ್ಯಾಪಕ: ಹಾಗಾದರೆ ಒಂದು ಡಬ್ಬಿಯೊಳಗೆ ಪಕ್ಕಪಕ್ಕದಲ್ಲಿ ಎರಡು ಡಬ್ಬಿಗಳನ್ನು ಇಡಿ, ಅವುಗಳಲ್ಲಿ ಒಂದರೊಳಗೆ ಇನ್ನೊಂದು. ಈಗ ನಿಮ್ಮ `while` ಯಾವುದರೊಳಗೆ ಇಳಿಯಬೇಕು? ಒಂದರೊಳಗೆ ಇಳಿದರೆ ಪಕ್ಕದ್ದನ್ನು ಎಲ್ಲಾದರೂ ಗುರುತು ಹಾಕಿಕೊಳ್ಳಬೇಕು, ಅಂದರೆ ಬಾಕಿ ಡಬ್ಬಿಗಳ ಪಟ್ಟಿಯೊಂದನ್ನು ನೀವೇ ಇಟ್ಟುಕೊಳ್ಳಬೇಕು. ರಿಕರ್ಷನ್‌ನಲ್ಲಿ ಆ ಪಟ್ಟಿ ಕಾಯುತ್ತಿರುವವರ ಕೈಯಲ್ಲೇ ಇರುತ್ತದೆ:

```python
def count(box):
    total = 1
    for b in box:
        total = total + count(b)
    return total

print(count([[], [[]]]))   # 4
```

ಇಲ್ಲಿ `if` ಇಲ್ಲ, ಆದರೂ ನಿಲ್ಲುತ್ತದೆ. ಖಾಲಿ ಡಬ್ಬಿಗೆ `for` ಒಮ್ಮೆಯೂ ತಿರುಗುವುದಿಲ್ಲ, 1 ಹಾಗೆಯೇ ಹಿಂದಿರುಗುತ್ತದೆ. ಕಂಪ್ಯೂಟರಿನ ಫೋಲ್ಡರ್‌ಗಳು ಹೀಗೆಯೇ ಇರುವುದು. ಅವು 1000 ಆಳಕ್ಕೆ ಹೋಗುವುದನ್ನು ನಾನು ಕಂಡಿಲ್ಲ.

ಎಂಜಿನಿಯರ್: ಫೋಲ್ಡರ್‌ಗಳಿಗೆ ನಾನೂ ಹೀಗೆಯೇ ಬರೆಯುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ಹೊರಗಿನವರು ಕಳುಹಿಸುವ ದತ್ತಾಂಶಕ್ಕೆ ಬರೆಯುವುದಿಲ್ಲ. ಯಾರೋ ಬೇಕೆಂದೇ ಐದು ಸಾವಿರ ಆಳದ ಡಬ್ಬಿ ಕಳುಹಿಸಿದರೆ ಪ್ರೋಗ್ರಾಂ ಬೀಳುತ್ತದೆ. `sys.setrecursionlimit` ಬಳಸಿ ಮಿತಿಯನ್ನು ಮನಬಂದಂತೆ ಏರಿಸಿದರೆ ಪೈಥಾನೇ ಕುಸಿದು ಬೀಳಬಹುದು. ಸಿ ಭಾಷೆಯಲ್ಲಿ ಎಣಿಸುವವರೇ ಇಲ್ಲ, ಸಾಮಾನ್ಯವಾಗಿ ಕಾಣುವುದು `Segmentation fault` ಮಾತ್ರ.

ಪ್ರಾಧ್ಯಾಪಕ: ಅದು ಸರಿಯಾದ ಎಚ್ಚರಿಕೆ. ಅಲ್ಲಿ ಬಾಕಿ ಪಟ್ಟಿಯನ್ನು ಕೈಯಾರೆ ಇಟ್ಟುಕೊಳ್ಳುವುದೇ ಮೇಲು.

ಉಪನ್ಯಾಸಕಿ: ಹಾಗಾದರೆ ಪಕ್ಕಪಕ್ಕದ ಡಬ್ಬಿಗಳಿಂದಲೇ ಪಾಠ ಆರಂಭಿಸಿದರೆ ಹೇಗೆ? ಲೂಪ್ ಎಂಬ ಯೋಚನೆಯೇ ಬರುವುದಿಲ್ಲವಲ್ಲ.

ಪ್ರಾಧ್ಯಾಪಕ: ನಾನು ಹಾಗೆ ಮಾಡುತ್ತಿರಲಿಲ್ಲ. ಎರಡು ಡಬ್ಬಿಗಳಿದ್ದರೆ ಎರಡನೆಯ ಬೆಂಚಿನವರು ಮೊದಲನೆಯದಕ್ಕೆ ಉತ್ತರ ಹೇಳಿದ ಮೇಲೆ ಅವರಿಗೇ ಮತ್ತೆ ಎರಡನೆಯದನ್ನು ಕೊಡಬೇಕಾಗುತ್ತದೆ. ಆಗ ಒಬ್ಬ ವಿದ್ಯಾರ್ಥಿ ಎಂದರೆ ಒಂದು ಕರೆ ಎಂಬ ಹೊಂದಿಕೆ ತಪ್ಪಿ ಗೊಂದಲವಾಗುತ್ತದೆ.

ಗಣಿತ ಶಿಕ್ಷಕ: ಎರಡನೆಯದನ್ನು ಪಕ್ಕದ ಸಾಲಿನವರಿಗೆ ಕೊಟ್ಟರೆ ಆಯಿತಲ್ಲ ಸರ್? ಒಂದು ಡಬ್ಬಿಗೆ ಒಬ್ಬರು ಎಂಬ ನಿಯಮ ಉಳಿಯುತ್ತದೆ.

ಪ್ರಾಧ್ಯಾಪಕ: ಉಳಿಯುತ್ತದೆ. ಆದರೆ ಎರಡೂ ಸಾಲುಗಳು ಒಟ್ಟಿಗೆ ಕೆಲಸ ಆರಂಭಿಸಿಬಿಡುತ್ತವೆ, ಈ ಕೋಡ್ ಹಾಗೆ ಮಾಡುವುದಿಲ್ಲ. ಮೊದಲ ಸಾಲಿನ ಉತ್ತರ ಬರುವವರೆಗೆ ಎರಡನೆಯ ಡಬ್ಬಿ ಕೊಟ್ಟವರ ಮೇಜಿನ ಮೇಲೆಯೇ ಇರಬೇಕು ಎಂದು ಸೂಚನೆಗೆ ಒಂದು ವಾಕ್ಯ ಸೇರಿಸಬೇಕಾಗುತ್ತದೆ.

ಉಪನ್ಯಾಸಕಿ: ನನಗೆ ಎರಡು ಸೆಕ್ಷನ್‌ಗಳಿವೆ. ಒಂದರಲ್ಲಿ ಒಂಟಿ ಸಾಲು, ಇನ್ನೊಂದರಲ್ಲಿ ಆ ವಾಕ್ಯ ಸೇರಿಸಿದ ಎರಡು ಸಾಲು ಮಾಡಿಸುತ್ತೇನೆ. ಮುದ್ರಣದ ಸಾಲುಗಳನ್ನು ಎರಡೂ ಕಡೆ ನೋಟ್‌ಬುಕ್ಕಿನಲ್ಲಿ ಬರೆಸಿ, ಎಷ್ಟು ಮಂದಿ `close 3`ಕ್ಕೇ ನಿಲ್ಲಿಸಿದರು ಎಂದು ಇಲ್ಲಿ ತಿಳಿಸುತ್ತೇನೆ.