ಸಹಾಯ ಬೇಕು: ಒಂದನೇ ತರಗತಿ ಪಾತ್ರಾಭಿನಯಕ್ಕೆ ‘ಈಗ ಆಗಲ್ಲ’ ಅಂದಾಗ ತಿರುಗಿ ಹೇಳೋ ಸಾಲು

ಇಬ್ಬರು ಮಕ್ಕಳು, ಮೂರೇ ಮಾತು. ಬಾಟಲಿ ಮುಚ್ಚಳ ಬಿಗಿಯಾಗಿದೆ.

“ಮುಚ್ಚಳ ತಿರುಗ್ತಿಲ್ಲ, ಸಹಾಯ ಮಾಡ್ತೀಯಾ?”
“ಹೂಂ. ನಾನೇ ತೆಗೀಲಾ, ಬಾಟಲಿ ಹಿಡ್ಕೊಳ್ಳಲಾ?”
“ಹಿಡ್ಕೋ ಸಾಕು, ಥ್ಯಾಂಕ್ಸ್.”

ಎರಡನೇ ಸಾಲೇ ಜೀವಾಳ. ಅದು ಬಿಟ್ಟುಹೋದರೆ ಸಹಾಯ ಮಾಡೋ ಮಗು ಬಾಟಲಿ ಕಿತ್ಕೊಂಡು ತಾನೇ ತೆಗೆದುಬಿಡುತ್ತೆ, ಕೇಳಿದ ಮಗು ಸುಮ್ಮನೆ ನೋಡ್ತಾ ನಿಲ್ಲುತ್ತೆ. ಮುಚ್ಚಳ ನಿಜವಾಗಿಯೂ ಬಿಗಿ ಇರಬೇಕು. ಸಡಿಲ ಇದ್ದರೆ ಮಾತು ಬರೀ ಬಾಯಿಪಾಠ. ಒಂದು ಸುತ್ತು ಆದಮೇಲೆ ಪಾತ್ರ ಅದಲುಬದಲು.

ಸಿಕ್ಕಿಕೊಂಡಿರೋದು ಇಲ್ಲಿ: ಇನ್ನೊಂದು ಮಗು ಬಣ್ಣ ಹಚ್ಚೋದರಲ್ಲಿ ಮುಳುಗಿದ್ದರೆ? “ಆಮೇಲೆ ಬರ್ತೀನಿ” ಅಂದರೆ ಈ ವಯಸ್ಸಿನವರಿಗೆ ಅದು “ಇಲ್ಲ” ಅಂತಲೇ ಕೇಳಿಸಿ ಮುನಿಸು ಶುರು. “ಈ ಎಲೆಗೆ ಬಣ್ಣ ಹಚ್ಚಿ ಬರ್ತೀನಿ” ಅಂತ ಕಣ್ಣಿಗೆ ಕಾಣೋ ಗಡುವು ಕೊಟ್ಟರೆ ಪರವಾಗಿಲ್ಲ. ಆದರೆ ಕೇಳಿದ ಮಗು ತಿರುಗಿ ಏನನ್ನಬೇಕು? ಆರು ಪದ ಮೀರದ ಸಾಲು ಯಾರಾದರೂ ಬಳಸಿದ್ದರೆ ದಯವಿಟ್ಟು ಹಾಕಿ.