ಸ್ಕ್ಯಾನ್ ಕೋಣೆಯಲ್ಲಿ ರೋಗಿ ಅದಲುಬದಲಾಗದಂತೆ

ಕೇಳಿದವರು, ಮಂಗಳೂರು: ಅಮ್ಮನಿಗೆ ಹೊಟ್ಟೆಯ ಸಿಟಿ ಸ್ಕ್ಯಾನ್ ಇದೆ. ಕಿವಿ ಮಂದ. ಹೋದ ಸಲ ಅದೇ ಹೆಸರಿನ ಇನ್ನೊಬ್ಬರನ್ನು ಕರೆದಾಗ ಎದ್ದು ಹೊರಟೇಬಿಟ್ಟಿದ್ದರು. ಒಳಗೆ ನಮ್ಮನ್ನು ಬಿಡುವುದಿಲ್ಲ. ಏನು ನೋಡಿಕೊಳ್ಳಬೇಕು?

ರೇಡಿಯೋಗ್ರಾಫರ್, ಉಡುಪಿ: ನಾನು ಕೆಲಸ ಮಾಡುವಲ್ಲಿ ಆದದ್ದನ್ನೇ ಹೇಳುತ್ತೇನೆ. ವಾರ್ಡಿನಿಂದ ಒಬ್ಬ ಅಜ್ಜಿಯನ್ನು ವೀಲ್‌ಚೇರಿನಲ್ಲಿ ಕರೆತಂದರು. ಮಡಿಲಲ್ಲಿ ಫೈಲು. ಹೊಟ್ಟೆಯ ಸಿಟಿ, ಚಿತ್ರ ಸ್ಪಷ್ಟವಾಗಿ ಬರಲು ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಮಾಡಬೇಕು ಅಂತ ಬರೆದಿತ್ತು. ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಕ್ರಿಯಾಟಿನಿನ್ 0.8, ತೊಂದರೆ ಇಲ್ಲ. ಅಟೆಂಡರ್ ಹೆಸರು ಹಿಡಿದು "ನೀವೇ ಅಲ್ವಾ?" ಅಂದರು. ಅಜ್ಜಿ "ಹೂಂ" ಅಂದರು. ಹಾಗೆ ಕೇಳಿದರೆ ಕಿವಿ ಕೇಳದವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಅದಕ್ಕೇ ನಾನು ಹೆಸರು ಅವರ ಬಾಯಿಂದಲೇ ಹೇಳಿಸುತ್ತೇನೆ. ಹೆಸರು ಸರಿಯಾಗಿಯೇ ಇತ್ತು! ಹುಟ್ಟಿದ ದಿನ ಗೊತ್ತಿಲ್ಲ. ಫೈಲಿನಲ್ಲಿ ಜನವರಿ 1. ಹಳಬರಲ್ಲಿ ತುಂಬ ಜನರದ್ದು ಹಾಗೇ ಇರುತ್ತದೆ, ಅದನ್ನು ನಂಬುವ ಹಾಗಿಲ್ಲ. ತುಳುವಿನಲ್ಲಿ ಊರು ಕೇಳಿದೆ. ಬ್ರಹ್ಮಾವರ ಅಂದರು. ಫೈಲಿನಲ್ಲಿ ಕಾಪು. ಯಾಕೆ ಬಂದದ್ದು ಅಂದರೆ, ಬಚ್ಚಲಲ್ಲಿ ಬಿದ್ದು ತಲೆಗೆ ಪೆಟ್ಟಾಗಿದೆ ಅಂದರು.

ಅಲ್ಲಿಗೇ ನಿಲ್ಲಿಸಿದೆ. ಕೈಯ ಬ್ಯಾಂಡಿನ ಆಸ್ಪತ್ರೆ ನಂಬರ್ ಫೈಲಿಗೆ ಹೊಂದಲಿಲ್ಲ. ವಾರ್ಡಿಗೆ ಫೋನ್ ಮಾಡಿದೆ. ಒಂದೇ ಹೆಸರಿನವರು ಇಬ್ಬರಿದ್ದರು, ಫೈಲು ಅದಲುಬದಲಾಗಿತ್ತು. ಈ ಅಜ್ಜಿಯ ಕ್ರಿಯಾಟಿನಿನ್ 2.6. ಬೇರೆಯವರ ರಕ್ತದ ರಿಪೋರ್ಟ್ ನೋಡಿ ಇವರಿಗೆ ಇಂಜೆಕ್ಷನ್ ಹೋಗುತ್ತಿತ್ತು, ಮೊದಲೇ ಸೋತ ಕಿಡ್ನಿಗೆ. ಕೊನೆಗೆ ಇವರಿಗೆ ಇಂಜೆಕ್ಷನ್ ಇಲ್ಲದೆ ತಲೆಯ ಸಿಟಿ ಆಯಿತು. ಇನ್ನೊಬ್ಬರಿಗೆ ಹೊಟ್ಟೆಯದ್ದು, ಸ್ವಲ್ಪ ತಡವಾಗಿ. ಘಟನೆಯನ್ನು ಬರೆದು ಕೊಟ್ಟೆ. ಈಗ ಒಂದೇ ಹೆಸರಿನವರಿದ್ದರೆ ವಾರ್ಡಿನವರು ಫೈಲಿನ ಮೇಲೆ ಕೆಂಪು ಚೀಟಿ ಅಂಟಿಸುತ್ತಾರೆ.

ಇನ್ನೊಬ್ಬರು, ಸುರತ್ಕಲ್: ಬ್ಯಾಂಡ್ ನೋಡಿದರೆ ಆಯ್ತಲ್ವಾ? ಉಳಿದದ್ದೆಲ್ಲ ಸುಮ್ನೆ.

ರೇಡಿಯೋಗ್ರಾಫರ್: ದಾಖಲಾದವರಿಗೆ ಅದೇ ಮುಖ್ಯ, ನಿಜ. ಆದರೆ ಹೊರರೋಗಿಗಳಿಗೆ ಎಷ್ಟೋ ಕಡೆ ಬ್ಯಾಂಡೇ ಇರುವುದಿಲ್ಲ. ಇದ್ದರೂ ಡಾಕ್ಟರ ಚೀಟಿ ಮತ್ತು ನಮ್ಮ ಕಂಪ್ಯೂಟರಿನ ಪಟ್ಟಿ, ಎರಡಕ್ಕೂ ತಾಳೆ ಆಗಬೇಕು. ಪಟ್ಟಿಯಲ್ಲಿ ಒಂದು ಸಾಲು ಕೆಳಗೆ ಒತ್ತಿದರೆ ಸರಿಯಾದ ಚಿತ್ರ ತಪ್ಪು ಹೆಸರಿಗೆ ಹೋಗುತ್ತದೆ.

ಮತ್ತೊಬ್ಬರು, ಕುಂದಾಪುರ: ನಮ್ಮ ಅಪ್ಪನ ರಿಪೋರ್ಟಿನಲ್ಲಿ ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಬಂತು. ಅವರ ಪಿತ್ತಕೋಶ ತೆಗೆದು ವರ್ಷಗಳಾಗಿವೆ! ಕೌಂಟರಿನಲ್ಲಿ ಬೇರೆ ಹಾಳೆ ಕೊಟ್ಟರು.

ರೇಡಿಯೋಗ್ರಾಫರ್: ಹಾಳೆ ಬದಲಾದರೆ ಸಾಲದು. ಕಂಪ್ಯೂಟರಿನಲ್ಲಿ ಚಿತ್ರವೂ ಸರಿಯಾದ ಹೆಸರಿಗೆ ಹೋಯಿತಾ ಅಂತ ಕೇಳಿ. ಆ ಕಲ್ಲು ಯಾರದ್ದು, ಅವರಿಗೆ ಹೇಳಿದ್ದಾರಾ, ಅದನ್ನೂ ಕೇಳಿ.

ಕೇಳಿದವರಿಗೆ: ಅಮ್ಮನ ಹೆಸರು, ಊರು, ಆಸ್ಪತ್ರೆ ನಂಬರ್, ಯಾವ ಭಾಗದ ಸ್ಕ್ಯಾನ್, ಇಷ್ಟನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೈಗೆ ಕೊಡಿ. ಕಿವಿ ಕೇಳುವುದಿಲ್ಲ ಅಂತ ಬಾಗಿಲಲ್ಲೇ ಹೇಳಿ. ಹೊಟ್ಟೆಯ ಸ್ಕ್ಯಾನಿಗೆ ಇಂಜೆಕ್ಷನ್ ಇದ್ದರೆ, ಕ್ರಿಯಾಟಿನಿನ್ ರಿಪೋರ್ಟಿನ ಮೇಲಿನ ನಂಬರ್ ಅಮ್ಮನದ್ದೇ ಅಂತ ನೀವೇ ಒಮ್ಮೆ ನೋಡಿ.

ಸುರತ್ಕಲ್‌ನವರು: ಪ್ರಜ್ಞೆ ಇಲ್ಲದವರಾದರೆ?

ರೇಡಿಯೋಗ್ರಾಫರ್: ವಾರ್ಡಿನ ನರ್ಸ್ ಜೊತೆಗೆ ಬಂದು ಗುರುತು ಹೇಳಬೇಕು. ರಾತ್ರಿ ಪಾಳಿಯಲ್ಲಿ ನರ್ಸ್ ಕಮ್ಮಿ, ಅಟೆಂಡರ್ ಒಬ್ಬರೇ ಬರುತ್ತಾರೆ. ನಮ್ಮಲ್ಲಿ ಅದು ಇನ್ನೂ ಸರಿಯಾಗಿಲ್ಲ.