ಜಿಲೇಬಿಯ ಒಂದು ಸುತ್ತು ಪಾಕ ಹಿಡಿಯುತ್ತೆ, ಪಕ್ಕದ ಸುತ್ತು ಯಾಕೆ ಹಿಡಿಯಲ್ಲ?

ಪ್ರಶ್ನೆ, ಧಾರವಾಡದಿಂದ:
ನಮಸ್ಕಾರ್ರೀ. ಎರಡು ಸಲ ಜಿಲೇಬಿ ಮಾಡಿದೆ, ಎರಡೂ ಸಲ ಅದ ತ್ರಾಸು. ಒಂದು ಸುತ್ತಿನ್ಯಾಗ ಪಾಕ ತುಂಬಿರ್ತೈತಿ, ಪಕ್ಕದ ಸುತ್ತು ಒಣಾ ಹಿಟ್ಟು. ಹತ್ತು ನಿಮಿಷಕ್ಕ ಎಲ್ಲಾ ಮೆತ್ತಗ. ಕಾಲು ಕೆಜಿ ಮೈದಾಕ್ಕ ಎರಡು ಚಮಚ ಮೊಸರು ಹಾಕಿ ರಾತ್ರಿ ಒಂಬತ್ತಕ್ಕ ಕಲಸಿಟ್ಟಿದ್ದೆ. ಮುಂಜಾನೆ ಏಳಕ್ಕ ನೋಡಿದ್ರ ಹಿಟ್ಟು ಉಬ್ಬೇ ಇರಲಿಲ್ಲ, ಅದಕ್ಕ ಕಾಲು ಚಮಚ ಸೋಡಾ ಹಾಕಿ ಕರದೆ. ಎಣ್ಣಿ ಥರ್ಮಾಮೀಟರ್‌ನ್ಯಾಗ 190 ಡಿಗ್ರಿ ಇತ್ತು. ಎಲ್ಲಿ ತಪ್ಪೈತ್ರಿ?

ಬೆಂಗಳೂರಿನ ಸದಸ್ಯರು:
ಎಣ್ಣೆ ಸರಿಯಾಗೇ ಇದೆ. ಜಿಲೇಬಿಗೆ ಎಣ್ಣೆ ಚುರುಚುರು ಕಾದಿರಬೇಕು, ಇಲ್ಲದಿದ್ರೆ ಎಣ್ಣೆ ಕುಡಿದು ಜೋತು ಬೀಳುತ್ತೆ. ನಿಮ್ಮ ಪಾಕ ಗಟ್ಟಿಯಾಗಿರಬೇಕು, ಅದಕ್ಕೇ ಒಳಗೆ ಇಳಿದಿಲ್ಲ.

ಮಿಠಾಯಿ ಕೆಲಸದವರು, ದಾವಣಗೆರೆ:
ಪಾಕ ಗಟ್ಟಿಯಾಗಿದ್ದಿದ್ರೆ ಎಲ್ಲಾ ಸುತ್ತೂ ಒಂದೇ ಥರ ಒಣಗಿರ್ತಿದ್ವು. ಅಕ್ಕಾ, ಮುಂದಿನ ಸಲ ಒಂದು ಜಿಲೇಬಿನ ಪಾಕಕ್ಕೆ ಹಾಕದೆ ಪಕ್ಕಕ್ಕಿಡಿ. ಆರಿದ ಮೇಲೆ ನಾಲ್ಕು ಕಡೆ ಅಡ್ಡಕ್ಕೆ ಮುರಿದು ಬೆಳಕಿಗೆ ಹಿಡಿದು ನೋಡಿ. ಸರಿಯಾದ ಜಿಲೇಬಿ ಒಳಗೆ ಕೊಳವೆ ಥರ ಟೊಳ್ಳು, ಗೋಡೆ ಮಾತ್ರ ತೆಳ್ಳಗೆ ಗರಿಗರಿ. ನಿಮ್ಮದರಲ್ಲಿ ಒಂದು ಕಡೆ ಟೊಳ್ಳು, ಇನ್ನೊಂದು ಕಡೆ ಬಿಳಿ ಹಿಟ್ಟು ತುಂಬಿರೋದು ಕಾಣುತ್ತೆ ಅಂತ ನನ್ನ ಲೆಕ್ಕ. ಪಾಕ ಹೋಗೋದು ಆ ಟೊಳ್ಳಿನೊಳಗೆ. ಎಣ್ಣೆಯಿಂದ ತೆಗೆದಾಗ ಕೊಳವೆ ತುಂಬ ಉಗಿ ಇರುತ್ತೆ. ಬೆಚ್ಚಗಿನ ಪಾಕದಲ್ಲಿ ಮುಳುಗಿಸಿದ ಕೂಡಲೇ ಉಗಿ ತಣಿದು ಕುಗ್ಗುತ್ತೆ, ಆ ಜಾಗಕ್ಕೆ ಪಾಕ ಎಳೆದುಕೊಳ್ಳುತ್ತೆ. ಅದಕ್ಕೇ ನಾವು ಬಾಣಲೆಯಿಂದ ನೇರ ಪಾಕಕ್ಕೆ ಹಾಕೋದು. ಹಿಟ್ಟು ತುಂಬಿದ ಕಡೆ ಪಾಕಕ್ಕೆ ಜಾಗವೇ ಇಲ್ಲ. ಆ ಹಿಟ್ಟಿನಲ್ಲಿರೋ ತೇವ ಹೊರಗೆ ಬಂದು ಗೋಡೆನೂ ಮೆತ್ತಗೆ ಮಾಡುತ್ತೆ. ಹತ್ತು ನಿಮಿಷಕ್ಕೆ ಗರಿ ಹೋಗೋದು ಇದರಿಂದಲೇ.

ಟೊಳ್ಳು ಆಗೋದಕ್ಕೆ ಹಿಟ್ಟಿನಲ್ಲಿ ಸಣ್ಣ ಗುಳ್ಳೆ ಎಲ್ಲಾ ಕಡೆ ಸಮನಾಗಿ ಇರಬೇಕು. ನಿಮ್ಮ ಹಿಟ್ಟು ಹತ್ತು ತಾಸಲ್ಲಿ ಹುಳಿ ಬಂದಿಲ್ಲ, ಧಾರವಾಡದ ಚಳಿಗೆ ಅಷ್ಟು ಸಾಲದು. ಮೇಲಿಂದ ಸೋಡಾ ಹಾಕಿದ್ರಿ. ಮೊಸರಿನ ಹುಳಿಗೆ ಅದು ತಾಗಿದ ಕೂಡಲೇ ದೊಡ್ಡ ದೊಡ್ಡ ಗುಳ್ಳೆ ಎದ್ದು, ಅಲ್ಲೊಂದು ಇಲ್ಲೊಂದು ಉಳಿಯುತ್ತೆ. ಬಟ್ಟೆಯಿಂದ ಹಿಂಡುವಾಗ ಗುಳ್ಳೆ ಇದ್ದ ತುಂಡು ಉಬ್ಬುತ್ತೆ, ಇಲ್ಲದ್ದು ಕಡ್ಡಿ ಥರ ಕೂರುತ್ತೆ. ಸೋಡಾ ಹೆಚ್ಚಾದ್ರೆ ಬಣ್ಣನೂ ಬೇಗ ಕೆಂಪಾಗುತ್ತೆ, ಒಳಗೆ ಬೇಯೋ ಮೊದಲೇ ಬೆಂದ ಹಾಗೆ ಕಾಣುತ್ತೆ.

ನಾನು ಮನೆ ಅಳತೆ ಹೇಳ್ತೀನಿ. ಕಾಲು ಕೆಜಿ ಮೈದಾ, ಎರಡು ಚಮಚ ಕಡ್ಲೆಹಿಟ್ಟು, ನಾಲ್ಕು ದೊಡ್ಡ ಚಮಚ ಹುಳಿ ಮೊಸರು, ಉಗುರುಬೆಚ್ಚಗಿನ ನೀರು ಸುಮಾರು 250 ಮಿಲಿ. ನೀರು ಪೂರ್ತಿ ಒಂದೇ ಸಲ ಹಾಕಬೇಡಿ, ಮೈದಾ ನೋಡಿಕೊಂಡು ಹಾಕಿ. ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ, ಯಾಕಂದ್ರೆ ಹುಳಿ ಬಂದಾಗ ತಾನೇ ಸಡಿಲವಾಗುತ್ತೆ. ಈ ಚಳಿಗೆ ಹದಿನಾರರಿಂದ ಇಪ್ಪತ್ತು ತಾಸು ಬಿಡಿ. ಗಡಿಯಾರ ನೋಡೋದಕ್ಕಿಂತ ಹಿಟ್ಟು ನೋಡಿ: ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ತೂತು, ಮಜ್ಜಿಗೆಯಂಥ ಹುಳಿ ವಾಸನೆ. ಕರಿಯೋ ಹದಿನೈದು ನಿಮಿಷ ಮೊದಲು ಎರಡು ಚಮಚ ಹೊಸ ಮೈದಾ ಹಾಕಿ ಐದು ನಿಮಿಷ ಚೆನ್ನಾಗಿ ಕದಡಿ. ದೊಡ್ಡ ಗುಳ್ಳೆ ಒಡೆದು ಸಣ್ಣವಾಗಿ ಎಲ್ಲಾ ಕಡೆ ಹರಡುತ್ತೆ. ಸೌಟು ಎತ್ತಿದ್ರೆ ಹಿಟ್ಟು ಕಡಿಯದೆ ರಿಬ್ಬನ್ ಥರ ಇಳಿಯಬೇಕು.

ಈಗ ಎಣ್ಣೆ. 190ರಲ್ಲಿ ಬಿಟ್ಟರೆ ಮೇಲಿನ ಪದರ ಬಿದ್ದ ಕ್ಷಣವೇ ಗಟ್ಟಿಯಾಗುತ್ತೆ, ಒಳಗಿನ ಗುಳ್ಳೆಗೆ ಹಿಗ್ಗೋಕೆ ಆಗಲ್ಲ. ನಾನು 160–165ರಲ್ಲಿ ಬಿಡ್ತೀನಿ. ಸುತ್ತು ಉಬ್ಬಿ ತೇಲಿದ ಮೇಲೆ ಉರಿ ಏರಿಸಿ 175ರ ತನಕ ಒಯ್ತೀನಿ. ಒಂದು ಹನಿ ಹಿಟ್ಟು ಬಿಟ್ಟು ನೋಡಿ, ತಳ ಮುಟ್ಟಿ ಎರಡು ಎಣಿಸುವಷ್ಟರಲ್ಲಿ ಬೆಳ್ಳಗೇ ಮೇಲೆ ಬಂದರೆ ಹದ ಸರಿ. ಮೇಲೆ ಬರೋ ಮೊದಲೇ ಕೆಂಪಾದ್ರೆ ಜಾಸ್ತಿ ಕಾದಿದೆ. ಬೆಂಗಳೂರಿನವರು ಹೇಳಿದ್ದರಲ್ಲಿ ಅರ್ಧ ನಿಜ, 140ರ ಸುಮಾರಿಗೆ ಬಿಟ್ಟರೆ ಹಿಟ್ಟು ತಳದಲ್ಲಿ ಹರಡಿ ಎಣ್ಣೆ ಕುಡಿಯುತ್ತೆ. ಕೊಳವೆಗೆ ಎಣ್ಣೆ ಸೇರಿತು ಅಂದ್ರೆ ಆಮೇಲೆ ಪಾಕ ಬರಲ್ಲ. ತಳ ಸಪಾಟಾದ ಬಾಣಲೆ, ಒಂದೂವರೆ ಇಂಚು ಎಣ್ಣೆ ಸಾಕು. ಕಿವಿಗೊಟ್ಟು ಕೇಳಿ, ಮೊದಲು ಜೋರಾಗಿದ್ದ ಸದ್ದು ಕಮ್ಮಿಯಾಗಿ ಗುಳ್ಳೆ ನಿಲ್ಲುತ್ತಾ ಬಂದಾಗಲೇ ತೆಗೀಬೇಕು.

ಪಾಕ ಒಂದೆಳೆ, ಬೆರಳು ಅದ್ದಿದ್ರೆ ಸಹಿಸುವಷ್ಟು ಬಿಸಿ, ಮಗ್ಗುಲು ತಿರುಗಿಸಿ ಒಟ್ಟು ಅರ್ಧ ನಿಮಿಷ.

ಮೈಸೂರಿನ ಸದಸ್ಯರು:
ಇಷ್ಟೆಲ್ಲಾ ಯಾಕೆ? ನಾವು ಉದ್ದಿನಬೇಳೆ ನಾಲ್ಕು ಗಂಟೆ ನೆನೆಸಿ, ನುಣ್ಣಗೆ ರುಬ್ಬಿ ಕೂಡಲೇ ಬಿಡ್ತೀವಿ. ಹುಳಿ ಬರಿಸಿದ್ರೆ ಕೆಟ್ಟೇಹೋಗುತ್ತೆ.

ಮಿಠಾಯಿ ಕೆಲಸದವರು:
ಅಮ್ಮಾ, ಅದು ಜಹಾಂಗೀರು. ಅಲ್ಲಿ ಉದ್ದನ್ನ ಬಡಿದು ಬಡಿದು ಗಾಳಿ ತುಂಬಿಸ್ತೀರಿ, ಅದಕ್ಕೆ ಹುಳಿ ಬೇಡ. ಮೈದಾಕ್ಕೆ ಆ ಗುಣ ಇಲ್ಲ.

ಸ್ಕಾಟ್ಲೆಂಡಿನಲ್ಲಿರುವ ಸದಸ್ಯರು:
ಸರ್, ನಮ್ಮ ಅಡುಗೆಮನೆ ರಾತ್ರಿ 14 ಡಿಗ್ರಿಗೆ ಇಳಿಯುತ್ತೆ. ಎರಡೂವರೆ ದಿನ ಇಟ್ಟೆ. ಮೇಲೆ ನೀರು ಬಿಟ್ಟು ಹೆಂಡದ ವಾಸನೆ ಬಂತು. ಎಣ್ಣೆಗೆ ಬಿಟ್ಟರೆ ಸುತ್ತು ನಿಲ್ಲದೆ ತುಂಡು ತುಂಡಾಯ್ತು. ಬ್ರೆಡ್ ಮಾಡೋ ಹಿಟ್ಟು ಬಳಸಿದ್ದೆ.

ಮಿಠಾಯಿ ಕೆಲಸದವರು:
ಹುಳಿ ಮಿತಿ ಮೀರಿದೆ. ಜಾಸ್ತಿ ಹುಳಿಯಾದ್ರೆ ಮೈದಾದ ಜಿಗುಟು ಸತ್ತುಹೋಗುತ್ತೆ, ಎಳೆ ಹಿಡಿಯಲ್ಲ. ಆದರೆ ಚೆಲ್ಲಬೇಡಿ. ಇನ್ನೊಮ್ಮೆ ಹೊಸ ಹಿಟ್ಟು ಕಲಸುವಾಗ ಅದರದ್ದೇ ಒಂದು ಸೌಟು ಮೊಸರಿನ ಬದಲು ಹಾಕಿ. ಅಂಗಡಿಯಲ್ಲಿ ನಾವು ನಿನ್ನೆಯ ಹಿಟ್ಟು ಹೀಗೇ ಉಳಿಸ್ಕೊಳ್ತೀವಿ, ಬೇಗ ಏಳುತ್ತೆ. ಪಾತ್ರೆನ ಆರಿಸಿದ ಓವನ್ ಒಳಗೆ ದೀಪ ಮಾತ್ರ ಹಚ್ಚಿ ಇಡಿ. ಬ್ರೆಡ್ ಹಿಟ್ಟು ಬೇಡ, ಅದರಲ್ಲಿ ಜಿಗುಟು ಜಾಸ್ತಿ, ಜಿಲೇಬಿ ರಬ್ಬರ್ ಆಗುತ್ತೆ. ಸಾದಾ ಹಿಟ್ಟು ತಗೊಳ್ಳಿ.

ಬೆಂಗಳೂರಿನ ಸದಸ್ಯರು:
ಕಡ್ಲೆಹಿಟ್ಟಿಗಿಂತ ಅಕ್ಕಿಹಿಟ್ಟು ಹಾಕಿದ್ರೆ ಗರಿ ಹೆಚ್ಚು ಹೊತ್ತು ಇರುತ್ತೆ ಅನ್ನೋದು ನಮ್ಮ ಅತ್ತೆ ಮಾತು. ನಾನು ಅದನ್ನೇ ಮಾಡೋದು.

ಮಿಠಾಯಿ ಕೆಲಸದವರು:
ಅಕ್ಕಿಹಿಟ್ಟಿನ ಗರಿ ಬೇರೆ ಥರ, ಕಟಕಟ ಅನ್ನುತ್ತೆ. ನನಗೆ ಕಡ್ಲೆಹಿಟ್ಟಿನದೇ ಇಷ್ಟ. ನೀವು ನಿಮ್ಮದನ್ನೇ ಮಾಡಿ.

ಧಾರವಾಡದಿಂದ, ಮೂರು ದಿನದ ಮೇಲೆ:
ಅಣ್ಣಾ, ಹದಿನೆಂಟು ತಾಸು ಇಟ್ಟು, ಸೋಡಾ ಬಿಟ್ಟು, 163ಕ್ಕ ಕರದೆ. ನೀವು ಹೇಳಿದಂಗ ಮುರದು ನೋಡಿದೆ. ಹೊರಗಿನ ಎರಡು ಸುತ್ತು ಪೂರಾ ಟೊಳ್ಳು, ಪಾಕ ತುಂಬಿ ತುಳುಕ್ತೈತಿ, ಅರ್ಧ ತಾಸಾದ್ರೂ ಗರಿ ಇತ್ತು. ನಡುವಿನ ಗಂಟು ಮಾತ್ರ ಇನ್ನೂ ಹಿಟ್ಟು ಹಿಟ್ಟು.

ಮಿಠಾಯಿ ಕೆಲಸದವರು:
ಶುರು ಮಾಡೋ ಜಾಗದಲ್ಲಿ ಕೈ ಒಂದು ಕ್ಷಣ ನಿಂತ್ರೆ ಹಿಟ್ಟು ಗುಡ್ಡೆಯಾಗುತ್ತೆ, ಅದು ಒಂದು ಕಾರಣ ಇರಬಹುದು. ಹಿಂಡೋಕೆ ಮೊದಲೇ ಕೈ ತಿರುಗೋಕೆ ಶುರುವಾಗಿರಲಿ. ಇಲ್ಲಾ ಬಟ್ಟೆಯ ತೂತು ದೊಡ್ಡದಾಗಿರಬಹುದು. ಎರಡರಲ್ಲಿ ಯಾವುದು ಅಂತ ಇಲ್ಲಿಂದ ಹೇಳೋಕಾಗಲ್ಲ. ನಡು ಮುರಿದ ಫೋಟೋ ಒಂದು ಹಾಕಿ, ಅದರ ಪಕ್ಕದಲ್ಲಿ ಬಟ್ಟೆಯ ತೂತೂ ಕಾಣಲಿ.